ಮುಂದಿನ ಸಾಲಿನ ತಲೆ ಮತ್ತು ಎರಡು ನುಸಿ

ಧಾರವಾಡದಲ್ಲಿ ನಡೆದ ಮೆಣಸಿನಕಾಯಿ ವಿಚಾರ ಸಂಕಿರಣಕ್ಕೆ ಹೋಗಿದ್ದ ಕುಂದಗೋಳದ ನಮ್ಮ ಕಾಕಾ, ಪರದೆಯ ಮೇಲೆ ಬಂದ ಇಂಗ್ಲಿಷ್ ಸ್ಲೈಡುಗಳನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಊರ ರೈತರಿಗೆ ಹಂಚಲು ಒಂದೇ ಹಾಳೆಯಲ್ಲಿ ಕನ್ನಡ ಮಾಡಿಕೊಡೆಂದು ವಾಟ್ಸಾಪಿನಲ್ಲಿ ಕಳಿಸಿದರು. ಭಾಷಣಕಾರರು ಅಂಶಗಳನ್ನು ಒಂದೊಂದಾಗಿ ತೋರಿಸುತ್ತ ಹೋದಂತೆ ಕಾಕಾ ಪ್ರತಿ ಸಲವೂ ಗುಂಡಿ ಒತ್ತಿದ್ದರಿಂದ, ಒಂದೇ ಸ್ಲೈಡು ಅರೆಬರೆಯಾಗಿ ಹಲವು ಸಲ ಬಂದಿತ್ತು. ಅಂಥಲ್ಲಿ ಕೊನೆಯ ಫೋಟೊ ಮಾತ್ರ ಪೂರ್ಣವಾಗಿರುತ್ತದೆ. ಆದರೆ ಆ ಹೊತ್ತಿಗೆ ಸರಿಯಾಗಿ ಮುಂದಿನ ಸಾಲಿನ ಹಿರಿಯರೊಬ್ಬರು ನೆಟ್ಟಗೆ ಕುಳಿತು, ಮೂರನೆಯ ಅಂಶವನ್ನು ತಮ್ಮ ತಲೆಯಿಂದ ಮುಚ್ಚಿಬಿಟ್ಟಿದ್ದರು. ಅದನ್ನು ಹಿಂದಿನ ಅರೆಬರೆ ಫೋಟೊದಿಂದ ಹೆಕ್ಕಿಕೊಂಡೆ.

ತಲೆಗಿಂತ ದೊಡ್ಡ ತೊಂದರೆ ಒಂದು ಚುಕ್ಕೆಯದು. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುವುದರಿಂದ ಔಷಧಿಯ ಪ್ರಮಾಣ ಲೀಟರಿಗೆ 03 ಮಿ.ಲೀ. ಎಂದು ಕಾಣುತ್ತಿತ್ತು. ಪಕ್ಕದ ಅಂಕಣದಲ್ಲಿ ಎಕರೆಗೆ 200 ಲೀಟರ್ ನೀರು, 60 ಮಿ.ಲೀ. ಔಷಧಿ ಎಂದಿತ್ತು. ಭಾಗಿಸಿದರೆ 0.3 ಬರುತ್ತದೆ, 3 ಆಗಿದ್ದರೆ ಎಕರೆಗೆ 600 ಆಗಬೇಕಿತ್ತು. ಆದರೂ ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಮತ್ತೆ ತರಿಸಿಕೊಂಡು ಹಿಗ್ಗಿಸಿ ನೋಡಿದ ಮೇಲೆಯೇ ಚುಕ್ಕೆ ಇಟ್ಟೆ.

ಅಡಕಗೊಳಿಸುವ ಕೆಲಸ ಅಷ್ಟು ಕಷ್ಟದ್ದಲ್ಲ, ಏಕೆಂದರೆ ಇಂಥ ಸಾಲುಗಳ ಕೊನೆಯಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಕಿಲ್ಲ. ಎಲೆಯ ಅಂಚು, ಗಾತ್ರ, ಬಾಧೆಯ ಸೂಚನೆ ಎಂದೆಲ್ಲ ಎರಡೂವರೆ ಸಾಲು ಹಬ್ಬಿದ್ದದ್ದನ್ನು ‘ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ’ ಎಂದು ಮುಗಿಸಿದೆ. ವಿವರಣೆಯನ್ನು ಬಿಡಬಹುದು, ಅಂಕಿ, ಅಳತೆ ಮತ್ತು ‘ಆದರೆ’ ಎಂಬ ಷರತ್ತನ್ನು ಬಿಡಬಾರದು.

ಕಾಕಾ ಅದನ್ನು ಇನ್ನೂ ಅಡಕ ಮಾಡಲು ಹೊರಟರು.

“ಎರಡೂ ನುಸಿನ ಅಲ್ಲೇನೋ ತಮ್ಮಾ? ಬರೇ ನುಸಿ ಅಂತ ಬರಿ, ಜಾಗಾ ಉಳೀತದ.”

ಉಳಿಯುವುದು ಜಾಗ, ಹೋಗುವುದು ಬೆಳೆ. ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಎಂಟು ಕಾಲಿನದು, ಜೇಡದ ಬಳಗಕ್ಕೆ ಸೇರಿದ್ದು. ಒಂದಕ್ಕೆ ಹೊಡೆಯುವ ಎಷ್ಟೋ ಔಷಧಿಗಳು ಇನ್ನೊಂದಕ್ಕೆ ನಾಟುವುದಿಲ್ಲ. ಸಾಲದ್ದಕ್ಕೆ ಎರಡರ ಬಾಧೆಯನ್ನೂ ನಮ್ಮ ರೈತರು ಮುಟುರು ಎಂದೇ ಕರೆಯುತ್ತಾರೆ. ಆದ್ದರಿಂದ ಮೊದಲು ಒಂದು ಚೀಟಿಯಲ್ಲಿ ಪದಗಳ ಪಟ್ಟಿ ಮಾಡಿ, ಕೀಟಕ್ಕೆ ಥ್ರಿಪ್ಸ್ ನುಸಿ, ಇನ್ನೊಂದಕ್ಕೆ ಮೈಟ್ ನುಸಿ, ಲಕ್ಷಣಕ್ಕೆ ಮಾತ್ರ ಮುಟುರು ಎಂದು ಗೊತ್ತುಮಾಡಿ, ಹಾಳೆಯ ಉದ್ದಕ್ಕೂ ಅದನ್ನೇ ಪಾಲಿಸಿದೆ. ಸ್ಲೈಡು ಮಾಡಿದವರು ಒಂದು ಕಡೆ ‘ಮೈಟ್’, ಇನ್ನೊಂದು ಕಡೆ ಅದರ ಲ್ಯಾಟಿನ್ ಹೆಸರು ಬರೆದು ತಮ್ಮ ಪಾಂಡಿತ್ಯ ತೋರಿದ್ದರು. ಆ ಭಾಗ್ಯವನ್ನು ನಾನು ರೈತರಿಗೆ ಕೊಡಲಿಲ್ಲ.

ಹಾಳೆ ಹಿಡಿದು ಹೊಲಕ್ಕೆ ಹೋದ ಕಾಕಾ ಅಲ್ಲಿಂದಲೇ ಫೋನ್ ಮಾಡಿದರು.

“ಒಂದ ಗಿಡದಾಗ ಮ್ಯಾಲಿನ ಎಲಿ ಮ್ಯಾಲಕ್ಕ, ಕೆಳಗಿನ ಎಲಿ ಕೆಳಕ್ಕ ಮುದುಡ್ಯಾವು. ಈಗ ಏನ್ ಮಾಡ್ಲಿ?”

ಎರಡೂ ಒಟ್ಟಿಗೆ ಬರುವುದುಂಟು. ಆ ಅಂಶ ಸ್ಲೈಡಿನಲ್ಲಿಯೂ ಇತ್ತು: ಹಿರಿಯರ ತಲೆಯ ಹಿಂದಿನ ಆ ಮೂರನೆಯ ಸಾಲೇ ಅದು. ಹಾಳೆಯ ಕೊನೆಯ ಸಾಲನ್ನು ಓದಲು ಹೇಳಿದೆ.