ತುಪ್ಪದ ಲೆಕ್ಕ ಎಲ್ಲಿ ಹೋಯಿತು?

“ಒಂದು ಒಬ್ಬಟ್ಟಿನಲ್ಲಿ ಸುಮಾರು 160 ಕ್ಯಾಲೊರಿ.”

ಇದು ತುಪ್ಪ ಮುಟ್ಟದ ಒಬ್ಬಟ್ಟಿನ ಲೆಕ್ಕ. ನಮ್ಮ ಮನೆಯ ಅಳತೆ ಹೇಳುತ್ತೇನೆ: ಕಡಲೆಬೇಳೆ, ಬೆಲ್ಲ, ಮೈದಾ ತಲಾ 200 ಗ್ರಾಂ, ಕಣಕ ಕುಡಿಯುವ ಎಣ್ಣೆ 50 ಗ್ರಾಂ. ಎಲ್ಲ ಸೇರಿ ಹತ್ತಿರಹತ್ತಿರ 2,600 ಕ್ಯಾಲೊರಿ. ಹದಿನಾರು ಒಬ್ಬಟ್ಟು ತಟ್ಟಿದರೆ ಒಂದಕ್ಕೆ ನೀವು ಹೇಳಿದಷ್ಟೇ ಬರುತ್ತದೆ, ಒಪ್ಪುತ್ತೇನೆ. ಆದರೆ ಕಾವಲಿಯ ಮೇಲೆ ಎರಡೂ ಬದಿಗೆ ಸವರುವ ತುಪ್ಪ ಒಂದು ಟೀ ಚಮಚಕ್ಕೆ ಕಡಿಮೆಯಿರುವುದಿಲ್ಲ. ಅದೇ 45 ಕ್ಯಾಲೊರಿ. ಎಲೆಗೆ ಬಡಿಸಿದ ಮೇಲೆ ಇನ್ನೊಂದು ಚಮಚ ಸುರಿದರೆ (ನಮ್ಮ ಅಜ್ಜಿ ಒಂದಕ್ಕೇ ನಿಲ್ಲಿಸಿದವರಲ್ಲ) 250 ಮುಟ್ಟುತ್ತದೆ. ಹದಿನಾರರ ಬದಲು ಹನ್ನೆರಡೇ ದಪ್ಪ ಒಬ್ಬಟ್ಟು ಮಾಡಿದರೆ ಅದೂ 300 ದಾಟುತ್ತದೆ. ಬೆಲ್ಲ ಹಾಕಿದರೆ ಹಗುರ ಎಂಬ ಮಾತಂತೂ ಬೇಡ, ಸಕ್ಕರೆಗೂ ಅದಕ್ಕೂ ಕ್ಯಾಲೊರಿಯಲ್ಲಿ ಹೆಚ್ಚು ಅಂತರವಿಲ್ಲ.