ಬಿಬಿಬಿ ಮೈನಸ್‌ಗೆ ಹಾರ್ದಿಕ ಅಭಿನಂದನೆಗಳು

ಆ ಕಾಫಿ ಕ್ಯೂರಿಂಗ್ ಕಂಪನಿಯ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಹಾಕಿದ ಕಾಫಿಗೆ ದುಡ್ಡು ಬಾರದೆ ಬೆಳೆಗಾರರು ಗೇಟಿನ ಮುಂದೆ ಕೂತ ಮರುದಿನವೇ ವಾಟ್ಸಾಪಿಗೆ ಸುದ್ದಿ ಬಂತು: ‘ಕಂಪನಿಗಿರುವುದು ಬರೀ 40 ಕೋಟಿ ಸಾಲ, ರೇಟಿಂಗ್ ಸಂಸ್ಥೆಯೇ ಹೇಳಿದೆ, ಆತಂಕ ಬೇಡ.’ ಸಂಜೆಯೊಳಗೆ ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ಫ್ಲೆಕ್ಸೂ ಎದ್ದಿತು. ಬಿಬಿಬಿ ಮೈನಸ್ ಪಡೆದ ಕಂಪನಿಗೆ ಅಭಿನಂದನೆ, ಕೆಳಗೆ ಹದಿನಾಲ್ಕು ಜನರ ಫೋಟೊ. ಸಾಲ ತೀರಿಸುವ ತಾಕತ್ತಿಗೆ ರೇಟಿಂಗ್ ಸಂಸ್ಥೆ ಕೊಡುವ ದರ್ಜೆ ಅದು, ಹೂಡಿಕೆಗೆ ಯೋಗ್ಯ ಅನ್ನುವವುಗಳಲ್ಲಿ ಕಟ್ಟಕಡೆಯ ಮೆಟ್ಟಿಲು. ಮೂವತ್ತೈದು ಮಾರ್ಕ್ಸ್ ತೆಗೆದ ಮಗನನ್ನು ಸಾರೋಟಿನಲ್ಲಿ ಕೂರಿಸಿ ಮೆರವಣಿಗೆ ಮಾಡಿದ ಹಾಗೆ.

ನನ್ನದೂ 60 ಮೂಟೆ ಕಾಫಿ ಚೆರಿ ಅಲ್ಲಿ ಸಿಕ್ಕಿಕೊಂಡಿರುವುದರಿಂದ ವರದಿಯನ್ನು ಕೂತು ಓದಿದೆ. ರೇಟಿಂಗ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ, ಐದಾರು ಪುಟ. ಎಲ್ಲರೂ ಓದುವುದು ಮೊದಲ ಪುಟದ ಅಕ್ಷರಗಳನ್ನು. ಸರಕು ಇರುವುದು ಕೊನೆಯ ಅನುಬಂಧದಲ್ಲಿ. ಅಲ್ಲಿ ಮೂರು ಸಾಲು: ಟರ್ಮ್ ಲೋನ್ 12 ಕೋಟಿ, ಕ್ಯಾಶ್ ಕ್ರೆಡಿಟ್ 25 ಕೋಟಿ, ಬ್ಯಾಂಕ್ ಗ್ಯಾರಂಟಿ 3 ಕೋಟಿ. ನಮ್ಮ ಸುದ್ದಿವೀರರು ಮೂರನ್ನೂ ಕೂಡಿ ‘ಸಾಲ 40 ಕೋಟಿ’ ಅಂದುಬಿಟ್ಟರು. ಕೂಡುವುದೇನೋ ಸರಿಯಾಗಿ ಕೂಡಿದ್ದಾರೆ, ಪಾಪ.

ಆದರೆ ಆ 40 ಸಾಲದ ಮೊತ್ತವಲ್ಲ, ರೇಟಿಂಗ್ ಮಾಡಿಸಿದ ಮೊತ್ತ. ಟರ್ಮ್ ಲೋನ್ ಯಾವುದೋ ಒಂದು ದಿನದ ಬಾಕಿ, ಆಮೇಲೆ ಕಂತು ಕಟ್ಟಿದ್ದರೆ ಇಳಿದಿರುತ್ತದೆ. ಕ್ಯಾಶ್ ಕ್ರೆಡಿಟ್ಟಿನ 25 ಕೋಟಿ ಎಂದರೆ ಅಲ್ಲಿಯವರೆಗೆ ಎಳೆಯಬಹುದು ಎಂಬ ಮಿತಿ. ಎಷ್ಟು ಎಳೆದಿದ್ದಾರೆ ಅನ್ನುವುದು ನಡುವಿನ ‘ಲಿಕ್ವಿಡಿಟಿ’ ಪ್ಯಾರಾದಲ್ಲಿದೆ: ಹನ್ನೆರಡು ತಿಂಗಳ ಸರಾಸರಿ ಬಳಕೆ ಶೇ 94. ನನಗೆ ಜೀವ ಝಲ್ಲೆಂದಿದ್ದು ಅಲ್ಲಿ. ಕೊಯ್ಲಿಲ್ಲದ ಮಳೆಗಾಲದಲ್ಲೂ ಮಿತಿಯ ಅಂಚಿನಲ್ಲೇ ನಿಂತವನು ಕೊಯ್ಲಿನ ಹೊತ್ತಿಗೆ ನಮಗೆ ಎಲ್ಲಿಂದ ದುಡ್ಡು ತರುತ್ತಾನೆ? ಗ್ಯಾರಂಟಿಯ 3 ಕೋಟಿಯಂತೂ ಯಾರಾದರೂ ಬಂದು ಕೇಳುವ ತನಕ ಸಾಲವೇ ಅಲ್ಲ.

ಇನ್ನು ನನ್ನ ಚೆರಿ. ಅದನ್ನು ಅನುಬಂಧದಲ್ಲಿ ಭೂತಗನ್ನಡಿ ಹಿಡಿದು ಹುಡುಕಿದೆ. ಇಲ್ಲ. ಬೆಳೆಗಾರನಿಗೆ ಕೊಡಬೇಕಾದ್ದು ರೇಟಿಂಗಿನವರ ಲೆಕ್ಕದಲ್ಲಿ ‘ಸಾಲ’ವಲ್ಲ, ವ್ಯಾಪಾರದ ಬಾಕಿ. ಹೊರಗಿನವರಿಗೆ ಕೊಡಬೇಕಾದ್ದನ್ನೆಲ್ಲ ಸ್ವಂತ ಬಂಡವಾಳದ ಜೊತೆ ತೂಗುವ ಒಂದು ಅನುಪಾತವಿದೆ, ಅದರೊಳಗೆ ನಾವೆಲ್ಲ ಹಿಂಡಾಗಿ ಕರಗಿದ್ದೇವೆ. ಸಾಲವನ್ನಷ್ಟೇ ಬಂಡವಾಳದ ಜೊತೆ ತೂಗಿದರೆ ಅನುಪಾತ ಒಂದಕ್ಕಿಂತ ಕೆಳಗೆ, ಇದು ಮೂರಕ್ಕಿಂತ ಮೇಲೆ. ನಡುವಿನ ಆ ಅಂತರವೇ ನಾವು. ಅದೂ ಹಿಂದಿನ ವರ್ಷದ ಮಾರ್ಚ್ ಕೊನೆಯ ಲೆಕ್ಕ. ನಾನು ಚೆರಿ ಇಳಿಸಿದ್ದು ಆಮೇಲೆ.

ಹಾಗಂತ ವರದಿಯನ್ನು ಬೈಯಲಾರೆ. ಷೇರುಪೇಟೆಯಲ್ಲಿಲ್ಲದ ಕಂಪನಿ ಯಾವ ಬ್ಯಾಂಕಿನಲ್ಲಿ ಎಷ್ಟು ಮಂಜೂರು ಮಾಡಿಸಿಕೊಂಡಿದೆ, ಮೂರು ವರ್ಷದಲ್ಲಿ ದರ್ಜೆ ಎಷ್ಟು ಸಲ ಜಾರಿದೆ ಅನ್ನುವುದು ಇಷ್ಟು ಸುಲಭವಾಗಿ ಬೇರೆಲ್ಲಿ ಸಿಕ್ಕೀತು? ಜೊತೆಗೆ ಕಂಪನಿ ವ್ಯವಹಾರ ಇಲಾಖೆಯ ಪೋರ್ಟಲ್‌ನಲ್ಲಿ ‘ಚಾರ್ಜ್’ ಪಟ್ಟಿಯನ್ನೂ ತೆರೆದೆ. ಆಸ್ತಿ ಅಡವಿಟ್ಟು ತಂದ ಸಾಲವನ್ನು ಅಲ್ಲಿ ನೋಂದಾಯಿಸಬೇಕು. ರೇಟಿಂಗ್ ವರದಿ ಬಂದ ಎರಡು ತಿಂಗಳಿಗೆ ಒಂದು ಫೈನಾನ್ಸ್ ಕಂಪನಿಗೆ 9 ಕೋಟಿಯ ಅಡಮಾನ! ಫ್ಲೆಕ್ಸಿನಲ್ಲಿ ಅದಕ್ಕೆ ಜಾಗ ಸಾಲದೇ ಹೋಗಿರಬೇಕು.

‘ನಿಂದೊಂದು ಅತಿಯಾಯ್ತು ಭಾವ, ರೇಟಿಂಗಿನವರು ಲೆಕ್ಕ ಪರಿಶೀಲಿಸದೆ ಬರೀತಾರಾ?’ ಅಂದ ನನ್ನ ಭಾಮೈದ. ಬರೀತಾರಪ್ಪ. ನಾವು ಆಡಿಟ್ ಮಾಡಿಲ್ಲ, ನಂಬಲರ್ಹ ಎನಿಸಿದ ಮೂಲದ ಮಾಹಿತಿ ಇದು ಎಂದು ಕೊನೆಯಲ್ಲಿ ಅವರೇ ಸಣ್ಣಕ್ಷರದಲ್ಲಿ ಕೈ ಮುಗಿದಿದ್ದಾರೆ. ಕಂತು ತಪ್ಪಿಲ್ಲ ಅನ್ನುವ ಪತ್ರವನ್ನು ತಿಂಗಳಿಗೊಮ್ಮೆ ಬರೆದುಕೊಡಬೇಕಾದ್ದು ಕಂಪನಿಯೇ. ಕೊಡದಿದ್ದರೆ, ಫೋನ್ ಎತ್ತದಿದ್ದರೆ, ದರ್ಜೆಯ ಪಕ್ಕ ‘ಇಷ್ಯೂಯರ್ ನಾಟ್ ಕೋಆಪರೇಟಿಂಗ್’, ಅಂದರೆ ಕಂಪನಿ ಸಹಕರಿಸುತ್ತಿಲ್ಲ ಎಂದು ಬೀಳುತ್ತದೆ. ಅದು ಬಿದ್ದ ಮೇಲೆ ಅಕ್ಷರ ಯಾವುದಿದ್ದರೂ ಒಂದೇ, ಹಳೇ ಮಾಹಿತಿಯ ಮೇಲಿನ ಅಂದಾಜು. ನಮ್ಮ ಮನೆಯಲ್ಲೂ ಅಂಥವರಿದ್ದಾರೆ, ಹೆಸರು ಹೇಳಿದರೆ ಊಟ ಸಿಗುವುದಿಲ್ಲ.

ಇಷ್ಟಕ್ಕೂ ಈ ದರ್ಜೆಗೆ ಫೀಸು ಕಟ್ಟುವವನು ದರ್ಜೆ ಪಡೆಯುವವನೇ. 2018ರ ಬೇಸಿಗೆಯಲ್ಲಿ ಐಎಲ್ ಅಂಡ್ ಎಫ್‌ಎಸ್‌ ಎಂಬ ಮೂಲಸೌಕರ್ಯ ಹಣಕಾಸಿನ ದೈತ್ಯ ಕಂಪನಿಗೆ ಟ್ರಿಪಲ್ ಎ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ ಇತ್ತು. ಸೆಪ್ಟೆಂಬರಿನಲ್ಲಿ ಡಿ. ಡಿ ಎಂದರೆ ದುಡ್ಡು ಕಟ್ಟಲಿಲ್ಲ ಎಂದು. ಬೆಂಗಳೂರು, ಮುಂಬೈಯ ಕೋಟು ಹಾಕಿದವರಿಗೇ ಗೊತ್ತಾಗಲಿಲ್ಲವಂತೆ. ಹಾಗಿರುವಾಗ ಸಕಲೇಶಪುರದ ಕಡೆಯ ನಾಲ್ಕೆಕರೆಯವನಿಗೆ ‘ರೇಟಿಂಗ್ ಇದೆ, ಸುಮ್ಮನಿರು’ ಅನ್ನುತ್ತೀರಲ್ಲ, ಹದಿನಾಲ್ಕು ಜನ ಫೋಟೊದವರೇ, ನಿಮ್ಮ ಚೆರಿ ಎಷ್ಟು ಮೂಟೆ ಅಲ್ಲಿದೆ? ಆಳಿಗೆ ಕೂಲಿ ಕೊಡುವವನು ನಾನು. ಶನಿವಾರ ಅವರಿಗೆ ಅನುಬಂಧ ಓದಿ ಹೇಳಲೇ?

ಮೊನ್ನೆಯ ಗಾಳಿಗೆ ಫ್ಲೆಕ್ಸ್ ಕಿತ್ತು ಬಿತ್ತು. ಮಡಚಿ ತಂದಿದ್ದೇನೆ. ಗಟ್ಟಿ ಮಾಲು, ಮೆಣಸು ಒಣಗಿಸಲು ಬರುತ್ತದೆ. ಫೋಟೊ ಕೆಳಗೆ ಮಾಡಿ ಹಾಸಿದ್ದೇನೆ.