ಯಾವ ಟಿ.ಸಿ. ಎಂದು ಅರ್ಜಿಯೇ ಹೇಳುತ್ತಿತ್ತು

ಮಧ್ಯಾಹ್ನದಿಂದ ತಲೆ ಕಾದಿದೆ. ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಉದ್ದವಾಗುತ್ತದೆ, ಪುರುಸೊತ್ತು ಇದ್ದವರು ಓದಿ.

ತಾಲ್ಲೂಕಿನ ಜನಸಂಪರ್ಕ ಸಭೆಗೆ ಇಂದು ನಮ್ಮ ಶಾಲೆಯ ಕಡೆಯಿಂದ ನಾನು ಹೋಗಿದ್ದೆ. ಬಾಗಿಲ ಬಳಿ ಒಂದು ಮೇಜು ಹಾಕಿ ಅರ್ಜಿ ಪಡೆಯುತ್ತಿದ್ದರು. ಸಂಖ್ಯೆ ಹಾಕುವುದು, ಯಾವ ಇಲಾಖೆ ಎಂದು ಮೂಲೆಯಲ್ಲಿ ಬರೆಯುವುದು, ಆಯಾ ಕಡತಕ್ಕೆ ಸೇರಿಸುವುದು. ಶಿಕ್ಷಣ ಇಲಾಖೆಯ ಕಡತ ನಾವು ಕುಳಿತ ಕಡೆಗೆ ಬಂದಾಗ ಒಂದೊಂದನ್ನೇ ತಿರುವಿ ನೋಡುತ್ತಿದ್ದೆ. ಒಂದು ಅರ್ಜಿಯ ವಿಷಯದ ಸಾಲು ಹೀಗಿತ್ತು: ‘ಶಾಲೆಯ ಹಿಂದಿನ ಟಿ.ಸಿ. ಕೊಡದೆ ಇರುವ ಬಗ್ಗೆ.’

ಸಾಲು ಓದಿದರೆ ಯಾರಿಗಾದರೂ ಮಗುವಿನ ವರ್ಗಾವಣೆ ಪತ್ರವೇ ನೆನಪಾಗುತ್ತದೆ. ಶಾಲೆಗಳು ತೆರೆಯುವ ಕಾಲ, ಟಿ.ಸಿ. ಸಿಗಲಿಲ್ಲ ಎಂಬ ದೂರು ಬರುವುದೇ ಈಗ. ಗಡಿಯಾಚೆ ಮಹಾರಾಷ್ಟ್ರದ ಶಾಲೆಗೆ ಹೋಗುವ ಮಕ್ಕಳ ಟಿ.ಸಿ.ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕಾದ್ದರಿಂದ ನಮ್ಮ ಭಾಗದಲ್ಲಿ ಇಂಥ ಅರ್ಜಿಗಳು ಇನ್ನೂ ಹೆಚ್ಚು. ಆದರೆ ಅರ್ಜಿ ಆ ಒಂದು ಸಾಲಿಗೆ ಮುಗಿದಿರಲಿಲ್ಲವಲ್ಲ! ಕೆಳಗೆ ಹೀಗಿತ್ತು: ‘ನಮ್ಮೂರ ಕನ್ನಡ ಶಾಲೆಯ ಹಿಂದಿನ ಟಿ.ಸಿ. ಹೋಗಿ ಎಂಟು ದಿನವಾಯಿತು. ಕೇಳಿದರೆ 63 ಇಲ್ಲ, 25 ಒಯ್ಯಿರಿ ಎನ್ನುತ್ತಾರೆ. ನಮಗೆ 25 ಸಾಲುವುದಿಲ್ಲ. ದಯಮಾಡಿ 63 ಕೊಡಿಸಬೇಕು.’ ಅದರ ಕೆಳಗೆ ಒಂಬತ್ತು ಜನರ ಸಹಿ, ಅವುಗಳಲ್ಲಿ ಎರಡು ಹೆಬ್ಬೆಟ್ಟು.

ನಿಮಗೆಲ್ಲ ಗೊತ್ತಿರುವಂತೆ ನಾನು ಶಾಲೆಯ ಕಚೇರಿಯಲ್ಲಿ ಕುಳಿತು ಟಿ.ಸಿ. ಬರೆಯುವವಳು. ನಮ್ಮ ಮನೆಯವರು ಲೈನ್‌ಮನ್, ಟಿ.ಸಿ. ಏರಿಸುವವರು. ಅವರು ಏರಿಸುವುದು ವಿದ್ಯುತ್ ಪರಿವರ್ತಕವನ್ನು. ಕಂಬದ ಮೇಲೆ ಕುಳಿತು 11 ಸಾವಿರ ವೋಲ್ಟಿನ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಇಳಿಸಿ ಕೊಡುವ ಆ ಎಣ್ಣೆಯ ಪೆಟ್ಟಿಗೆಗೆ ನಮ್ಮ ಸೀಮೆಯ ಹೊಲಗಳಲ್ಲಿ ಟಿ.ಸಿ. ಎನ್ನದೆ ಬೇರೆ ಹೆಸರು ಹೇಳುವವರಿಲ್ಲ. ಎರಡೂ ಟಿ.ಸಿ. ನಮ್ಮ ಮನೆಯಲ್ಲಿ ದಿನಬೆಳಗಾದರೆ ಓಡಾಡುತ್ತವೆ, ಒಂದರ ಬದಲು ಇನ್ನೊಂದು ಎಂದು ಯಾರೂ ತಿಳಿಯುವುದಿಲ್ಲ. ಏಕೆಂದರೆ ಆ ಎರಡಕ್ಷರವನ್ನು ಯಾರೂ ಒಂಟಿಯಾಗಿ ಕಳಿಸುವುದಿಲ್ಲ. ಅದರ ಹಿಂದೆಮುಂದೆ ನಾಲ್ಕು ಮಾತು ಇದ್ದೇ ಇರುತ್ತವೆ.

ಆ ಅರ್ಜಿಯಲ್ಲಿ ಎಷ್ಟೊಂದು ಗುರುತುಗಳಿದ್ದವು ನೋಡಿ. ಮೊದಲನೆಯದು 63 ಮತ್ತು 25. ಇವು ಪರಿವರ್ತಕದ ಸಾಮರ್ಥ್ಯದ ಅಂಕಿಗಳು, ಕೆವಿಎ ಲೆಕ್ಕದವು. ನಮ್ಮ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು 25, 63, 100. ಐದು ಎಚ್‌ಪಿಯ ಒಂದು ಪಂಪ್‌ಸೆಟ್ ಸುಮಾರು ಆರು ಕೆವಿಎ ಎಳೆಯುತ್ತದೆ. ಹಾಗಾಗಿ 63ರ ಮೇಲೆ ಹತ್ತು ಪಂಪುಗಳು ಓಡಬಹುದು, 25ರ ಮೇಲೆ ನಾಲ್ಕು. ಸಹಿ ಹಾಕಿದವರು ಒಂಬತ್ತು ಜನ. ಒಬ್ಬೊಬ್ಬರದು ಒಂದೊಂದು ಪಂಪು ಎಂದುಕೊಂಡರೂ ಅಲ್ಲಿ 25 ಕೂರಿಸಿದರೆ, ಎಲ್ಲ ಮೋಟಾರುಗಳು ಒಟ್ಟಿಗೆ ಶುರುವಾದ ದಿನವೇ ಫ್ಯೂಸ್ ಹಾರಬೇಕು. ಫ್ಯೂಸಿನ ಬದಲು ದಪ್ಪ ತಂತಿ ಕಟ್ಟಿದ್ದರೆ ಅದು ಹಾರುವುದಿಲ್ಲ, ಒಳಗಿನ ಸುರುಳಿಯೇ ಸುಡುತ್ತದೆ. ‘ನಮಗೆ 25 ಸಾಲುವುದಿಲ್ಲ’ ಎಂಬ ಆ ಮಾತಿನಲ್ಲಿ ಇಷ್ಟು ಲೆಕ್ಕವಿದೆ, ಬರೆದ ರೈತನಿಗೆ ಅದು ಬೆರಳ ತುದಿಯಲ್ಲಿದೆ. ಮಗುವಿನ ಟಿ.ಸಿ. ಸಾಲುತ್ತದೆ, ಸಾಲುವುದಿಲ್ಲ ಎಂದು ಜಗತ್ತಿನಲ್ಲಿ ಯಾರಾದರೂ ಬರೆಯುತ್ತಾರೆಯೇ?

ಎರಡನೆಯ ಗುರುತು ಆ ಸಹಿಗಳೇ. ಇದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾದ ಗುರುತು ಎನ್ನುತ್ತೇನೆ. ವರ್ಗಾವಣೆ ಪತ್ರ ಒಂದು ಮಗುವಿನದು. ಅದನ್ನು ಕೇಳಲು ತಂದೆ ಬರುತ್ತಾನೆ, ತಾಯಿ ಬರುತ್ತಾಳೆ, ಇಲ್ಲವೆಂದರೆ ಕಾಕಾ ಬರುತ್ತಾನೆ. ಬೇರೆ ಬೇರೆ ಅಡ್ಡಹೆಸರಿನ ಒಂಬತ್ತು ಮನೆಯವರು ಸೇರಿ ಒಂದು ಟಿ.ಸಿ. ಕೇಳಿದರೆ ಅದು ಒಂಬತ್ತು ಹೊಲಕ್ಕೆ ನೀರುಣಿಸುವ ಟಿ.ಸಿ.ಯೇ. ಅರ್ಜಿಯ ಅಕ್ಷರ ಓದಲು ಬಾರದಿದ್ದರೂ ಕೆಳಗಿನ ಹೆಬ್ಬೆಟ್ಟುಗಳನ್ನು ನೋಡಿ ಇದನ್ನು ಹೇಳಬಹುದಿತ್ತು.

ದಾರಿ ತಪ್ಪಿಸಿದ್ದು ಯಾವುದು ಎಂಬುದೂ ನನಗೆ ಸ್ಪಷ್ಟವಾಗಿದೆ. ‘ಶಾಲೆ’ ಎಂಬ ಪದ. ‘ಹಿಂದಿನ ಶಾಲೆಯ ಟಿ.ಸಿ.’ ಎಂದರೆ ಮಗು ಮೊದಲು ಓದುತ್ತಿದ್ದ ಶಾಲೆಯ ಪತ್ರ. ‘ಶಾಲೆಯ ಹಿಂದಿನ ಟಿ.ಸಿ.’ ಎಂದರೆ ಶಾಲೆಯ ಗೋಡೆಯಾಚೆ ನಿಂತ ಕಂಬ. ಎರಡು ಪದ ಅದಲುಬದಲಾದರೆ ಅರ್ಥ ಹೊಲಕ್ಕೆ ಹೋಗುತ್ತದೆ. ಅವಸರದಲ್ಲಿ ಓದಿದ ಕಣ್ಣಿಗೆ ಶಾಲೆ ಕಂಡಿತು, ಟಿ.ಸಿ. ಕಂಡಿತು, ತಿಂಗಳೂ ಹೊಂದಿತು. ಶಿಕ್ಷಣ ಎಂದು ಬರೆದು ಕೈ ತೊಳೆದುಕೊಂಡಿತು. ಮುಂದಿನ ಮೂರು ಸಾಲು ಓದಿದ್ದರೆ ಆ ಒಂದು ಗುರುತು ಇನ್ನುಳಿದ ಎಲ್ಲವುಗಳ ಎದುರು ನಿಲ್ಲುತ್ತಿರಲಿಲ್ಲ.

‘ಹೋಗಿದೆ’ ಎಂಬ ಕ್ರಿಯಾಪದವೂ ಎರಡು ಕಡೆಗೆ ವಾಲುತ್ತದೆ ಎಂದು ಒಪ್ಪುತ್ತೇನೆ. ಪತ್ರ ಹೋದರೆ ಕಳೆದಿದೆ ಎಂದರ್ಥ, ಪರಿವರ್ತಕ ಹೋದರೆ ಸುಟ್ಟಿದೆ ಎಂದರ್ಥ. ಕೊಡು, ಬಂತು, ಸಿಗಲಿಲ್ಲ, ಹೊಸದು ಇವೆಲ್ಲವೂ ಹಾಗೆಯೇ, ಇವನ್ನು ನಂಬಿ ನಿರ್ಧರಿಸಬಾರದು. ಆದರೆ ಏರಿಸು, ಇಳಿಸು, ಎಣ್ಣೆ ಸೋರು ಎಂದರೆ ಅದು ಕಂಬದ್ದು. ಬರೆಸು, ತೆಗೆಸು, ಜನ್ಮದಿನಾಂಕ ತಿದ್ದು ಎಂದರೆ ಅದು ನಮ್ಮ ರಿಜಿಸ್ಟರಿನದು.

ನಾನು ಎದ್ದು ಹೋಗಿ ಆ ಮೇಜಿನಲ್ಲಿ ಹೇಳಿದೆ. ಅಲ್ಲಿದ್ದವರು, ‘ಮೇಡಂ, ಅವರು ವಿದ್ಯುತ್ ಪರಿವರ್ತಕ ಎಂದು ಪೂರ್ತಿ ಬರೆಯಬೇಕಿತ್ತು. ನಮಗೆ ಹೇಗೆ ಗೊತ್ತಾಗಬೇಕು?’ ಎಂದರು. ನನ್ನ ಧ್ವನಿ ಏರಿತು. ಏರಿದ್ದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ.

ಈ ವಾದವನ್ನು ನಾನು ಬಹಳ ಕಡೆ ಕೇಳಿದ್ದೇನೆ. ಪೂರ್ತಿ ಹೆಸರು ಬರೆದರೆ ಗೊಂದಲವೇ ಇರುವುದಿಲ್ಲವಂತೆ. ಇಲಾಖೆಯ ಆದೇಶದಲ್ಲಿ ಬರೆಯಲಿ, ಬೇಡ ಎನ್ನುವುದಿಲ್ಲ. ಕಚೇರಿಯಿಂದ ಮೊಬೈಲಿಗೆ ‘ಟಿ.ಸಿ. ಸಿದ್ಧವಿದೆ, ಬಂದು ಒಯ್ಯಿರಿ’ ಎಂದು ಒಂದೇ ಸಾಲಿನ ಸಂದೇಶ ಕಳಿಸುವವರು ಖಂಡಿತ ಬರೆಯಲಿ, ಏಕೆಂದರೆ ಅಲ್ಲಿ ಬೇರೆ ಯಾವ ಗುರುತೂ ಇಲ್ಲ. ಮಗಳ ಪತ್ರಕ್ಕೂ ಹೊಲದ ಪರಿವರ್ತಕಕ್ಕೂ ಒಂದೇ ವಾರದಲ್ಲಿ ಅಲೆಯುತ್ತಿರುವ ರೈತ ಆ ಸಂದೇಶ ಹಿಡಿದು ಎಲ್ಲಿಗೆ ಹೋಗಬೇಕು? ಆದರೆ ಅರ್ಜಿ ಬರೆದವನು ತನ್ನ ಊರಿನಲ್ಲಿ, ಲೈನ್‌ಮನ್ ಬಾಯಲ್ಲಿ, ಶಾಖಾ ಕಚೇರಿಯಲ್ಲಿ ಕೇಳಿದ್ದೇ ಟಿ.ಸಿ. ಎಂದು. ಕಚೇರಿ ಕಲಿಸಿದ ಹೆಸರನ್ನೇ ಅವನು ಕಚೇರಿಗೆ ಬರೆದ. ಅವನು ಎಲ್ಲವನ್ನೂ ಹೇಳಿದ್ದಾನೆ, ಓದುವವರು ಓದಿಲ್ಲ. ಈ ಕೊರತೆಯನ್ನು ಬರೆದವನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಅಷ್ಟೆಲ್ಲ ಓದಿದ ಮೇಲೂ ಅನುಮಾನ ಉಳಿದರೆ ಕೇಳಬೇಕು, ಕೇಳುವುದಕ್ಕೂ ಕ್ರಮವಿದೆ. ‘ಯಾವ ಟಿ.ಸಿ.?’ ಎಂದರೆ ‘ನಮ್ಮ ಟಿ.ಸಿ. ರೀ’ ಎಂಬ ಉತ್ತರ ಬರುತ್ತದೆ. ಅವನ ತಲೆಯಲ್ಲಿ ಇರುವುದು ಒಂದೇ, ಇನ್ನೊಂದು ಅವನಿಗೆ ಆ ಹೊತ್ತಿನಲ್ಲಿ ಹೊಳೆಯುವುದೇ ಇಲ್ಲ. ‘ಆರ್.ಆರ್. ಸಂಖ್ಯೆ ತಂದಿದ್ದೀರಾ?’ ಎಂದು ಕೇಳಿ. ಪಂಪ್‌ಸೆಟ್ಟಿನವರು ತಕ್ಷಣ ಜೇಬಿನಿಂದ ಹಳೆಯ ರಸೀದಿ ತೆಗೆಯುತ್ತಾರೆ. ಮಗುವಿನ ಕಡೆಯವರು, ‘ಅದೇನು?’ ಎನ್ನುತ್ತಾರೆ. ಆಗ ಮಗುವಿನ ತರಗತಿ, ಸ್ಯಾಟ್ಸ್ ಸಂಖ್ಯೆ ಕೇಳಿದರೆ ಆಯಿತು.

ನಮ್ಮಪ್ಪ ಘಟಪ್ರಭೆಯ ದಂಡೆಯಲ್ಲಿ ಕಬ್ಬು ಬೆಳೆಯುತ್ತಿದ್ದವರು. ಒಂದು ಬೇಸಿಗೆ ಟಿ.ಸಿ. ಸುಟ್ಟು ಹೊಲಕ್ಕೆ ನೀರು ನಿಂತಾಗ, ರಾತ್ರಿ ಎದ್ದು ಬದುವಿನ ಮೇಲೆ ಹೋಗಿ ಕುಳಿತುಬಿಡುತ್ತಿದ್ದರು. ಅವ್ವ ಕರೆಯಲು ನನ್ನನ್ನು ಕಳಿಸುತ್ತಿದ್ದಳು. ಇದನ್ನು ಇಲ್ಲಿ ಎಂದೂ ಬರೆದಿರಲಿಲ್ಲ. ಇಂದು ಆ ಹೆಬ್ಬೆಟ್ಟುಗಳನ್ನು ನೋಡಿದಾಗ ಅವರೇ ಕಣ್ಣ ಮುಂದೆ ಬಂದರು, ಅದಕ್ಕೇ ಸುಮ್ಮನಿರಲು ಆಗಲಿಲ್ಲ.

ಕಡತ ತಪ್ಪಿದರೆ ಏನಾಗುತ್ತದೆ ಎಂಬುದು ಮೇಜಿನವರಿಗೆ ಹೊಳೆಯಲಿಲ್ಲ. ಎರಡು ಟಿ.ಸಿ.ಗಳ ಗಡಿಯಾರವೇ ಬೇರೆ. ಗ್ರಾಮೀಣ ಭಾಗದಲ್ಲಿ ಕೆಟ್ಟ ಪರಿವರ್ತಕವನ್ನು 72 ಗಂಟೆಯೊಳಗೆ ಬದಲಿಸಬೇಕು ಎಂದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮವಿದೆ. ಮಗುವಿನ ವಿಷಯದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದೆ. ಮುಖ್ಯ ಶಿಕ್ಷಕರು ಪತ್ರವನ್ನು ಕೂಡಲೇ ಕೊಡಬೇಕು, ಪತ್ರ ತಡವಾಯಿತು ಎಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಅಂದರೆ ಎಂಟನೆಯ ತರಗತಿಯವರೆಗಿನ ಮಗು ಪತ್ರವಿಲ್ಲದೆಯೂ ಹೊಸ ತರಗತಿಯಲ್ಲಿ ಕುಳಿತುಕೊಳ್ಳಬಹುದು. ಕಬ್ಬಿಗೆ ಅಂಥ ಕಾಯ್ದೆ ಇಲ್ಲ. ಶಿಕ್ಷಣದ ಕಡತ ಸೇರಿದ ಆ ಅರ್ಜಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ‘ನಮಗೆ ಸಂಬಂಧಿಸಿದ್ದಲ್ಲ’ ಎಂಬ ಷರಾ ಹೊತ್ತು ಮರಳಿ, ಮತ್ತೆ ವಿದ್ಯುತ್ ಕಚೇರಿಗೆ ತಲುಪುವುದರಲ್ಲಿ ಆ 72 ಗಂಟೆ ಎಷ್ಟು ಬಾರಿ ಕಳೆದಿರುತ್ತಿತ್ತೋ.

ಅರ್ಜಿಯನ್ನು ನಾನೇ ಒಯ್ದು ವಿದ್ಯುತ್ ಇಲಾಖೆಯ ಮೇಜಿನಲ್ಲಿ ಕೊಟ್ಟೆ. ಅಲ್ಲಿನ ಎಂಜಿನಿಯರ್ ಅದನ್ನು ಕೊನೆಯವರೆಗೆ ಓದಿ, ಸಹಿಗಳ ಮೇಲೆ ಬೆರಳಿಟ್ಟು ಎಣಿಸಿ, ‘25 ಕೊಟ್ಟರೆ ಮತ್ತೆ ಸುಡುತ್ತದೆ’ ಎಂದು ತಾವೇ ಅಂದರು. ಇಷ್ಟೇ ಬೇಕಿತ್ತು. ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದ ಇಬ್ಬರು ಹಿರಿಯರಿಗೆ ಸ್ವೀಕೃತಿ ಚೀಟಿಯಲ್ಲಿ ಇಲಾಖೆಯ ಹೆಸರು ತಿದ್ದಿಸಿ ಕೊಟ್ಟು, ‘ಕಾಕಾ, ಇದರ ಮೇಲಿನ ತಾರೀಖು ಜೋಪಾನ, ಮೂರು ದಿನ ಕಳೆದರೆ ಇದನ್ನೇ ಹಿಡಿದು ಕೇಳಿ’ ಎಂದು ಹೇಳಿ ಬಂದಿದ್ದೇನೆ. ನಮ್ಮ ಮನೆಯವರೂ ಆ ಊರಿನ ಲೈನ್‌ಮನ್‌ಗೆ ಫೋನ್ ಮಾಡಿದ್ದಾರೆ. ಉಗ್ರಾಣದಲ್ಲಿ 63 ಇದೆಯೋ ಇಲ್ಲವೋ ನಾಳೆ ತಿಳಿಯುತ್ತದೆ.